ಭದ್ರತಾ ಸಂದಿಗ್ಧ: ಬ್ರಿಟನ್–ಜರ್ಮನಿ ಹಡಗು ಪೈಪೋಟಿಯ ಮೂಲಕ ಹಂತ ಹಂತವಾಗಿ

ಪರೀಕ್ಷೆಯಲ್ಲಿ 'ಭದ್ರತಾ ಸಂದಿಗ್ಧ ವಿವರಿಸಿ' ಅಂತ ಕೇಳಿದರೆ ಹೆಚ್ಚಿನವರು ಬರೆಯುವುದು ಒಂದೇ ವಾಕ್ಯ: ಒಂದು ದೇಶ ಶಸ್ತ್ರಾಸ್ತ್ರ ಹೆಚ್ಚಿಸಿದರೆ ಪಕ್ಕದ ದೇಶವೂ ಹೆಚ್ಚಿಸುತ್ತದೆ. ಇದು ಸುಳ್ಳೇನಲ್ಲ. ಆದರೆ ಇಷ್ಟನ್ನೇ ಹೇಳಿದರೆ ಅದು ಬರೀ ಶಸ್ತ್ರಾಸ್ತ್ರ ಪೈಪೋಟಿ ಆಯಿತು. ಸಂದಿಗ್ಧ ಎಲ್ಲಿದೆ ಅನ್ನುವುದು ಇನ್ನೂ ಬಂದಿಲ್ಲ.

ಸಂದಿಗ್ಧ ಇರುವುದು ಇಲ್ಲಿ. ದೇಶಗಳ ಮೇಲೆ ಕೂತು ಜಗಳ ಬಿಡಿಸುವ ಇನ್ನೊಂದು ಸರ್ಕಾರ ಇಲ್ಲ. ಹಾಗಾಗಿ ಪ್ರತಿ ದೇಶವೂ ತನ್ನ ರಕ್ಷಣೆ ತಾನೇ ನೋಡಿಕೊಳ್ಳಬೇಕು. ಅದಕ್ಕೆಂದು ಅದು ಮಾಡುವ ತಯಾರಿ ಪಕ್ಕದವರಿಗೆ ಬೆದರಿಕೆಯಾಗಿ ಕಾಣುತ್ತದೆ. ಅವರೂ ತಯಾರಿ ಮಾಡುತ್ತಾರೆ. ಕೊನೆಗೆ ಮೊದಲು ಶುರು ಮಾಡಿದವರಿಗೆ ಮುಂಚಿಗಿಂತ ಕಡಿಮೆ ಭದ್ರತೆ ಉಳಿಯುತ್ತದೆ. ತಯಾರಿ ಮಾಡದೆ ಸುಮ್ನೆ ಇದ್ದರೆ? ಎದುರಿನವರು ನಿಜಕ್ಕೂ ಕೆಟ್ಟವರಾಗಿದ್ದರೆ ಗತಿಯೇನು? ಮಾಡಿದರೂ ಕಷ್ಟ, ಬಿಟ್ಟರೂ ಕಷ್ಟ. ಈ ಹೆಸರನ್ನು 1950ರಲ್ಲಿ ಬಳಕೆಗೆ ತಂದವರು ಜಾನ್ ಹರ್ಜ್. 1978ರಲ್ಲಿ ಅದನ್ನು ಇನ್ನಷ್ಟು ಬಿಡಿಸಿ ಹೇಳಿದವರು ರಾಬರ್ಟ್ ಜರ್ವಿಸ್. ಪರೀಕ್ಷೆಗೆ ಸದ್ಯಕ್ಕೆ ಈ ಎರಡು ಹೆಸರು ಸಾಕು.

ಉದಾಹರಣೆಗೆ ಮೊದಲನೇ ಮಹಾಯುದ್ಧಕ್ಕೆ ಮುಂಚಿನ ಬ್ರಿಟನ್ ಮತ್ತು ಜರ್ಮನಿಯ ಯುದ್ಧನೌಕೆ ಪೈಪೋಟಿಯನ್ನು ತೆಗೆದುಕೊಳ್ಳೋಣ. ಇಲ್ಲಿ ಪಾತ್ರಧಾರಿಗಳು ಇಬ್ಬರೇ. ಆಯುಧವೂ ಒಂದೇ ಬಗೆಯದು. ಯುದ್ಧನೌಕೆಯನ್ನು ಬಚ್ಚಿಟ್ಟು ಕಟ್ಟಲು ಆಗುವುದಿಲ್ಲ, ಆದ್ದರಿಂದ ಯಾರು ಯಾವಾಗ ಏನು ಮಾಡಿದರು ಅನ್ನುವುದಕ್ಕೆ ದಾಖಲೆ ಇದೆ.

ಹಂತ 1: ಇಬ್ಬರ ಭಯವನ್ನೂ ಅವರವರ ಜಾಗದಲ್ಲಿ ನಿಂತು ಬರೆಯಿರಿ

ಹಾಳೆಯ ಮಧ್ಯೆ ಒಂದು ಗೆರೆ ಎಳೆಯಿರಿ. ಎಡಕ್ಕೆ ಬ್ರಿಟನ್, ಬಲಕ್ಕೆ ಜರ್ಮನಿ. ಯಾರು ಸರಿ ಅಂತ ಈಗಲೇ ತೀರ್ಪು ಕೊಡಬೇಡಿ.

ಬ್ರಿಟನ್ ಒಂದು ದ್ವೀಪ. ತಿನ್ನುವ ಗೋಧಿಯಲ್ಲಿ ಬಹುಪಾಲು ಹಡಗಿನಲ್ಲಿ ಬರಬೇಕು. ಭೂಸೇನೆ ಚಿಕ್ಕದು. ನೌಕಾಪಡೆ ಸೋತರೆ ಶತ್ರು ದಡಕ್ಕೆ ಇಳಿಯುವುದೂ ಬೇಕಿಲ್ಲ, ಆಹಾರ ತಡೆದರೆ ಸಾಕು. ಅದಕ್ಕೇ 1889ರಲ್ಲಿ ಅದು ಒಂದು ಲೆಕ್ಕ ಇಟ್ಟುಕೊಂಡಿತು: ತನ್ನ ನಂತರದ ಎರಡು ದೊಡ್ಡ ನೌಕಾಪಡೆಗಳು ಒಂದಾದರೂ ಅವಕ್ಕೆ ಸಮನಾಗಿ ತಾನಿರಬೇಕು.

ಈಗ ಬಲಗಡೆ. ಜರ್ಮನಿ ಒಂದಾದದ್ದು 1871ರಲ್ಲಿ. ಕೈಗಾರಿಕೆ ಜೋರಾಗಿ ಬೆಳೆಯಿತು, ಹೊರದೇಶದ ವ್ಯಾಪಾರವೂ ಬೆಳೆಯಿತು. ಆ ವ್ಯಾಪಾರದ ಹಡಗುಗಳೆಲ್ಲ ಹೊರಸಮುದ್ರಕ್ಕೆ ಹೋಗಬೇಕಾದರೆ ಬ್ರಿಟನ್‌ನ ಮಗ್ಗುಲಲ್ಲೇ ಹಾದು ಹೋಗಬೇಕು. ಬ್ರಿಟನ್ ಮನಸ್ಸು ಮಾಡಿದರೆ ಯಾವತ್ತು ಬೇಕಾದರೂ ಬಾಗಿಲು ಹಾಕಬಹುದು. ಇನ್ನೊಂದು ಹಳೆಯ ನೆನಪೂ ಅವರನ್ನು ಕಾಡುತ್ತಿತ್ತು. 1807ರಲ್ಲಿ ಬ್ರಿಟನ್, ತಟಸ್ಥವಾಗಿದ್ದ ಡೆನ್ಮಾರ್ಕ್‌ನ ರಾಜಧಾನಿ ಕೋಪನ್‌ಹೇಗನ್ ಮೇಲೆ ಗುಂಡು ಸುರಿಸಿ ಅದರ ನೌಕಾಪಡೆಯನ್ನೇ ಎತ್ತಿಕೊಂಡು ಹೋಗಿತ್ತು. ನಮಗೂ ಹೀಗೇ ಮಾಡಿದರೆ ಅನ್ನುವ ಭಯ ಬರ್ಲಿನ್‌ನಲ್ಲಿ ನಿಜವಾಗಿಯೂ ಇತ್ತು. 1907ರ ಆರಂಭದಲ್ಲಿ ಬ್ರಿಟನ್‌ನ ಅಡ್ಮಿರಲ್ ಫಿಶರ್ ದಾಳಿಗೆ ಬರುತ್ತಿದ್ದಾನೆ ಅನ್ನುವ ಗಾಳಿಸುದ್ದಿಗೆ ಜರ್ಮನಿಯ ಕೀಲ್ ಬಂದರಿನ ಜನ ಗಾಬರಿಯಾಗಿದ್ದರು.

ಹೀಗಿರುವಾಗ ಜರ್ಮನಿಯ ನೌಕಾ ಇಲಾಖೆ ನಡೆಸುತ್ತಿದ್ದ ಅಡ್ಮಿರಲ್ ಟಿರ್ಪಿಟ್ಸ್ 1898ರಲ್ಲಿ ಮೊದಲ ನೌಕಾ ಕಾಯ್ದೆ ತಂದರು. ಗುರಿ 19 ಯುದ್ಧನೌಕೆ. 1900ರ ಎರಡನೇ ಕಾಯ್ದೆಯಲ್ಲಿ ಅದನ್ನು 38ಕ್ಕೆ ಏರಿಸಿದರು. ಬ್ರಿಟನ್‌ಗಿಂತ ದೊಡ್ಡ ಪಡೆ ಬೇಕು ಅಂತ ಅವರು ಹೇಳಲಿಲ್ಲ. ನಮ್ಮನ್ನು ಸೋಲಿಸಿದರೂ ಬ್ರಿಟನ್‌ಗೆ ಎಷ್ಟು ಪೆಟ್ಟಾಗಬೇಕೆಂದರೆ, ಆಮೇಲೆ ಅದು ಬೇರೆಯವರ ಎದುರು ನಿಲ್ಲಲಾರದೆ ಹೋಗಬೇಕು. ಆಗ ಅದು ನಮ್ಮ ತಂಟೆಗೆ ಬರುವುದಿಲ್ಲ. ಇದು ಅವರ 'ಅಪಾಯ ಸಿದ್ಧಾಂತ'.

ಹಂತ 2: ಆಯುಧವನ್ನು ಎದುರಿನವರ ಕಿಟಕಿಯಿಂದ ನೋಡಿ

ಇಲ್ಲಿ ಕೇಳಬೇಕಾದ ಪ್ರಶ್ನೆ: ಈ ಆಯುಧ ರಕ್ಷಣೆಗೋ, ದಾಳಿಗೋ, ನೋಡಿದರೆ ಗೊತ್ತಾಗುತ್ತದೆಯೇ? ಗಡಿಯಲ್ಲಿ ಕಟ್ಟಿದ ಕೋಟೆ ಎದ್ದು ಹೋಗಿ ಪಕ್ಕದ ದೇಶವನ್ನು ಗೆಲ್ಲುವುದಿಲ್ಲ. ಹಾಗಾಗಿ ಅದನ್ನು ಕಂಡು ಹೆದರುವವರು ಕಡಿಮೆ. ಯುದ್ಧನೌಕೆ ಹಾಗಲ್ಲ. ಸ್ವಂತ ದಡ ಕಾಯುವ ಹಡಗೇ ನಾಳೆ ಎದುರು ದಡಕ್ಕೂ ಹೋಗುತ್ತದೆ.

ಲಂಡನ್‌ನ ನೌಕಾಧಿಕಾರಿಗಳು ಜರ್ಮನ್ ಹಡಗುಗಳಲ್ಲಿ ಒಂದು ವಿಷಯ ಗಮನಿಸಿದರು. ಅವುಗಳಲ್ಲಿ ತುಂಬುವ ಕಲ್ಲಿದ್ದಲು ಬಹಳ ದೂರಕ್ಕೆ ಸಾಲುತ್ತಿರಲಿಲ್ಲ. ಆಫ್ರಿಕಾದ, ಪೆಸಿಫಿಕ್‌ನ ವಸಾಹತು ಕಾಯಲು ಕಟ್ಟಿದ್ದರೆ ಹೀಗೆ ಇರುತ್ತಿರಲಿಲ್ಲ, ಅಲ್ವಾ? ಇವು ಉತ್ತರ ಸಮುದ್ರದಲ್ಲೇ ಹೊಡೆದಾಡಲು ಕಟ್ಟಿದ ಹಡಗುಗಳು, ಅಂದರೆ ಗುರಿ ನಾವೇ, ಅಂತ ಅವರು ಓದಿಕೊಂಡರು. ಜರ್ಮನಿಗೆ ಉತ್ತರ ಸಮುದ್ರ ತನ್ನ ಮನೆಬಾಗಿಲು. ಬ್ರಿಟನ್‌ಗೂ ಅದೇ ಮನೆಬಾಗಿಲು.

ಇನ್ನೊಂದು ಘಟನೆಯನ್ನು ಉತ್ತರದಲ್ಲಿ ಖಂಡಿತ ಬಳಸಿಕೊಳ್ಳಿ. 1912ರ ಫೆಬ್ರವರಿಯಲ್ಲಿ ನೌಕಾ ಮಂತ್ರಿಯಾಗಿದ್ದ ವಿನ್‌ಸ್ಟನ್ ಚರ್ಚಿಲ್ ಗ್ಲಾಸ್ಗೋದಲ್ಲಿ ಮಾಡಿದ ಭಾಷಣದಲ್ಲಿ, ಬ್ರಿಟನ್‌ಗೆ ನೌಕಾಪಡೆ ಅವಶ್ಯಕತೆ, ಜರ್ಮನಿಗೆ ಅದು ಒಂದು ಬಗೆಯ ಐಷಾರಾಮ ಅಂದರು. ಬ್ರಿಟನ್ ಕಡೆಯಿಂದ ನೋಡಿದರೆ ಇದು ಸರಳ ಸತ್ಯ. ಜರ್ಮನಿಯಲ್ಲಿ ಇದನ್ನು ಅವಮಾನ ಅಂತ ತೆಗೆದುಕೊಂಡರು. ನನ್ನ ಆಯುಧ ರಕ್ಷಣೆಗೆ, ನಿನ್ನದು ಮಾತ್ರ ಬೇಡದ್ದು, ಅಂತ ಪ್ರಾಮಾಣಿಕವಾಗಿ ನಂಬುವುದು ಭದ್ರತಾ ಸಂದಿಗ್ಧದ ದೊಡ್ಡ ಗುರುತು.

ಹಂತ 3: ಒಂದು ಚಿಕ್ಕ ಲೆಕ್ಕ ಮಾಡಿ

ಲೆಕ್ಕ ಅಂದರೆ ಹೆದರಬೇಡಿ, ಕೂಡಿಸುವುದು ಗುಣಿಸುವುದು ಅಷ್ಟೇ. ಈ ಅಂಕಿಗಳು ನಾನು ವಿವರಣೆಗೆ ಇಟ್ಟುಕೊಂಡವು. ಯಾವ ಫಲ ಎಷ್ಟು ಇಷ್ಟ ಅನ್ನುವುದನ್ನು ಮಾತ್ರ ಅವು ತೋರಿಸುತ್ತವೆ.

- ಇಬ್ಬರೂ ಹಡಗು ಕಟ್ಟಲಿಲ್ಲ: ನನಗೆ 4
- ನಾನು ಕಟ್ಟಿದೆ, ಅವರು ಕಟ್ಟಲಿಲ್ಲ: ನನಗೆ 3
- ಇಬ್ಬರೂ ಕಟ್ಟಿದೆವು: ನನಗೆ 2
- ನಾನು ಕಟ್ಟಲಿಲ್ಲ, ಅವರು ಕಟ್ಟಿದರು: ನನಗೆ 1

ಮೊದಲ ಸಾಲನ್ನು ಸರಿಯಾಗಿ ನೋಡಿ. ಇಬ್ಬರೂ ಸುಮ್ಮನಿರುವುದೇ ಇಬ್ಬರಿಗೂ ಅತಿ ಇಷ್ಟ. ಇಲ್ಲಿ ದುರಾಸೆಯವರು ಯಾರೂ ಇಲ್ಲ. ಆದರೂ ಪೈಪೋಟಿ ಯಾಕೆ ಶುರುವಾಗುತ್ತದೆ?

ಎದುರಿನವರು ಹಡಗು ಕಟ್ಟುವ ಸಾಧ್ಯತೆ p ಅಂತ ಇಟ್ಟುಕೊಳ್ಳೋಣ. ಆಗ ನನಗೆ ಸರಾಸರಿ ಸಿಗುವುದು ಹೀಗೆ:

```
ಕಟ್ಟದಿದ್ದರೆ: 4(1-p) + 1p = 4 - 3p
ಕಟ್ಟಿದರೆ:    3(1-p) + 2p = 3 - p
```

4 - 3p ಅನ್ನುವುದು 3 - p ಗಿಂತ ಹೆಚ್ಚಿರಬೇಕಾದರೆ p ಅರ್ಧಕ್ಕಿಂತ ಕಡಿಮೆ ಇರಬೇಕು. ಅಂದರೆ ಎದುರಿನವರ ಮೇಲೆ ಅನುಮಾನ ಶೇ. 50 ದಾಟುವವರೆಗೂ ನಾನು ಸುಮ್ಮನಿರಬಹುದು.

ಈಗ ಕೊನೆಯ ಸಾಲನ್ನು ಮಾತ್ರ ಬದಲಿಸಿ. ಬ್ರಿಟನ್‌ನ ಜಾಗದಲ್ಲಿ ನಿಲ್ಲಿ. ತಾನು ಕಟ್ಟದೆ ಜರ್ಮನಿ ಕಟ್ಟಿದರೆ ಆಗುವ ನಷ್ಟ ಚಿಕ್ಕದಲ್ಲ, ಊಟವೇ ನಿಲ್ಲಬಹುದು. ಅದಕ್ಕೆ 1ರ ಬದಲು -5 ಹಾಕಿ.

```
ಕಟ್ಟದಿದ್ದರೆ: 4(1-p) - 5p = 4 - 9p
ಕಟ್ಟಿದರೆ:    3(1-p) + 2p = 3 - p
```

ಈ ಸಲ ಸುಮ್ಮನಿರಲು p ಎಂಟನೇ ಒಂದು ಭಾಗಕ್ಕಿಂತ, ಅಂದರೆ ಶೇ. 12.5ಕ್ಕಿಂತ ಕಡಿಮೆ ಇರಬೇಕು. ಜರ್ಮನಿ ಬದಲಾಗಿಲ್ಲ. ಬ್ರಿಟನ್‌ನ ಆಸೆಯೂ ಬದಲಾಗಿಲ್ಲ. ಮೋಸ ಹೋದರೆ ಆಗುವ ಅನಾಹುತ ದೊಡ್ಡದಾಯಿತು, ಅಷ್ಟೇ. ಅಷ್ಟಕ್ಕೇ ಎದುರಿನವರ ಮೇಲೆ ಶೇ. 85ರಷ್ಟು ನಂಬಿಕೆ ಇದ್ದರೂ ಅದು ಸಾಲದಾಯಿತು. ಈ ಒಂದು ಲೆಕ್ಕ ಅರ್ಥವಾದರೆ ಸಂದಿಗ್ಧದ ಮುಕ್ಕಾಲು ಪಾಲು ಅರ್ಥವಾದ ಹಾಗೆ. ಪೆನ್ನು ಹಿಡಿದು ಒಮ್ಮೆ ನೀವೇ ಮಾಡಿ ನೋಡಿ.

ಹಂತ 4: ಸುರುಳಿಯನ್ನು ವರ್ಷದ ಪ್ರಕಾರ ಬಿಡಿಸಿ

ಪ್ರತಿ ಹೆಜ್ಜೆಗೂ ಮೂರು ವಿಷಯ ಬರೆಯಿರಿ: ಒಬ್ಬರು ಏನು ಮಾಡಿದರು, ಇನ್ನೊಬ್ಬರು ಅದನ್ನು ಹೇಗೆ ಓದಿಕೊಂಡರು, ಅದಕ್ಕೆ ಏನು ಮಾಡಿದರು.

ಜರ್ಮನ್ ಕಾಯ್ದೆಗಳ ನಂತರ ಬ್ರಿಟನ್ ತನ್ನ ಹಳೆಯ ಜಗಳಗಳನ್ನು ಮುಗಿಸತೊಡಗಿತು. 1904ರಲ್ಲಿ ಫ್ರಾನ್ಸ್ ಜೊತೆ, 1907ರಲ್ಲಿ ರಷ್ಯಾ ಜೊತೆ ಒಪ್ಪಂದವಾಯಿತು. ಇವು ಮುಖ್ಯವಾಗಿ ಆಫ್ರಿಕಾ, ಏಷ್ಯಾದ ವಿವಾದಗಳ ಬಗ್ಗೆ ಇದ್ದವು. ಜರ್ಮನ್ ನೌಕಾಪಡೆಯ ಬೆಳವಣಿಗೆ ಇದಕ್ಕೆ ಇದ್ದ ಒಂದೇ ಕಾರಣವಲ್ಲ, ಆದರೆ ಕಾರಣಗಳಲ್ಲಿ ಒಂದು. ಬರ್ಲಿನ್ ಇದನ್ನು ಓದಿಕೊಂಡದ್ದು 'ನಮ್ಮನ್ನು ಸುತ್ತುವರಿಯುತ್ತಿದ್ದಾರೆ' ಅಂತ. ಟಿರ್ಪಿಟ್ಸ್ ಲೆಕ್ಕ ನಿಂತಿದ್ದೇ ಬ್ರಿಟನ್‌ಗೆ ಫ್ರಾನ್ಸ್, ರಷ್ಯಾ ಶತ್ರುಗಳಾಗಿ ಉಳಿಯುತ್ತವೆ ಅನ್ನುವುದರ ಮೇಲೆ. ಆ ಲೆಕ್ಕ ಕೆಡಿಸುವುದರಲ್ಲಿ ತನ್ನ ಹಡಗುಗಳ ಪಾಲೂ ಇದೆ ಅನ್ನುವುದು ಅವರಿಗೆ ಕಾಣಲಿಲ್ಲ.

1906ರಲ್ಲಿ ಬ್ರಿಟನ್ 'ಡ್ರೆಡ್‌ನಾಟ್' ಅನ್ನುವ ಹೊಸ ಬಗೆಯ ಯುದ್ಧನೌಕೆಯನ್ನು ನೀರಿಗಿಳಿಸಿತು. ಹಳೆಯ ಯುದ್ಧನೌಕೆಗಳಲ್ಲಿ ಸಾಮಾನ್ಯವಾಗಿ 4 ದೊಡ್ಡ ಫಿರಂಗಿ ಇದ್ದರೆ ಇದರಲ್ಲಿ 12 ಇಂಚಿನವು 10. ಉಗಿ ಟರ್ಬೈನ್ ಇದ್ದ ಕಾರಣ ವೇಗವೂ ಜಾಸ್ತಿ. ಇದರ ಮುಂದೆ ಎಲ್ಲರ ಹಳೆಯ ಹಡಗುಗಳೂ ಹಳತಾದವು, ಬ್ರಿಟನ್‌ನವೂ ಸೇರಿ. ಹಳೆಯ ಹಡಗುಗಳಲ್ಲಿ ಬ್ರಿಟನ್ ಎಷ್ಟೋ ಮುಂದಿತ್ತು. ಈಗ ಎಣಿಕೆ ಹೊಸದಾಗಿ ಶುರುವಾಯಿತು. ಜರ್ಮನಿಯ ಕಷ್ಟ ಬೇರೆ. ಅಷ್ಟು ದೊಡ್ಡ ಹಡಗು, ಬಾಲ್ಟಿಕ್ ಸಮುದ್ರದಿಂದ ಉತ್ತರ ಸಮುದ್ರಕ್ಕೆ ದಾರಿಯಾದ ಕೀಲ್ ಕಾಲುವೆಯಲ್ಲಿ ಹಿಡಿಯದು, ಹಾಗಾಗಿ ಕಾಲುವೆಯನ್ನೇ ಅಗಲ ಮಾಡಬೇಕಾಯಿತು. ಆ ಕೆಲಸ ಮುಗಿದದ್ದು 1914ರಲ್ಲಿ. ಇಷ್ಟಾದರೂ ಅದು ಹಿಂದೆ ಸರಿಯಲಿಲ್ಲ. 1908ರ ತಿದ್ದುಪಡಿಯಲ್ಲಿ ವರ್ಷಕ್ಕೆ 4 ಡ್ರೆಡ್‌ನಾಟ್ ಮಾದರಿ ಹಡಗು ಕಟ್ಟಲು ತೀರ್ಮಾನಿಸಿತು.

ಮುಂದಿನದು 1909ರ ಗಾಬರಿ. ಇದನ್ನು ಹತ್ತಿರದಿಂದ ನೋಡೋಣ, ಯಾಕೆಂದರೆ ಇಡೀ ಪಾಠ ಇಲ್ಲೇ ಇದೆ. ಜರ್ಮನಿ ಬಜೆಟ್‌ಗೆ ಒಪ್ಪಿಗೆ ಸಿಗುವ ಮುಂಚೆಯೇ ಎರಡು ಹಡಗುಗಳ ಕೆಲಸವನ್ನು ಹಡಗುಕಟ್ಟೆಗಳಿಗೆ ವಹಿಸಿತ್ತು. ಹಡಗು ಕಟ್ಟುವ ಕಂಪನಿಗಳು ಒಂದಾಗಿ ದರ ಏರಿಸದಂತೆ ತಡೆಯಲು ಹೀಗೆ ಮಾಡಿದೆವು ಅನ್ನುವುದು ಟಿರ್ಪಿಟ್ಸ್ ಕಡೆಯ ವಿವರಣೆ. ಅತ್ತ ಜರ್ಮನಿಯ ಕ್ರುಪ್ ಕಾರ್ಖಾನೆ ಫಿರಂಗಿ ತಯಾರಿಕೆ ವಿಸ್ತರಿಸುತ್ತಿದೆ ಅನ್ನುವ ಸುದ್ದಿ ಲಂಡನ್‌ಗೆ ಮುಟ್ಟಿತು. ಎರಡನ್ನೂ ಸೇರಿಸಿ ಓದಿದ ಬ್ರಿಟಿಷ್ ನೌಕಾಧಿಕಾರಿಗಳು, ಜರ್ಮನಿ ಗುಟ್ಟಾಗಿ ವೇಗ ಹೆಚ್ಚಿಸುತ್ತಿದೆ ಅಂತ ತೀರ್ಮಾನಿಸಿದರು. ಹಾಗೇನಿಲ್ಲ ಅಂತ ಜರ್ಮನಿ ಹೇಳಿತು. ಆದರೆ ಅವರ ಮಾತಿನ ಮೇಲೆ ದೇಶದ ಊಟವನ್ನು ಪಣಕ್ಕಿಡುವವರು ಯಾರು? ನೌಕಾ ಇಲಾಖೆ 6 ಹಡಗು ಕೇಳಿತು. ಹಣಕಾಸು ಮಂತ್ರಿ ಲಾಯ್ಡ್ ಜಾರ್ಜ್ ಮತ್ತು ಆಗಿನ್ನೂ ವಾಣಿಜ್ಯ ಮಂತ್ರಿಯಾಗಿದ್ದ ಚರ್ಚಿಲ್ 4 ಸಾಕು ಅಂದರು. ಹೊರಗೆ ಜನ 'ನಮಗೆ ಎಂಟು ಬೇಕು, ಕಾಯೋದಿಲ್ಲ' ಅಂತ ಕೂಗಿದರು. ಕೊನೆಗೆ ಕಟ್ಟಿದ್ದು 8.

ಜರ್ಮನಿ ಆ ಗುಟ್ಟಿನ ವೇಗದಲ್ಲಿ ಕಟ್ಟುತ್ತಲೇ ಇರಲಿಲ್ಲ ಅನ್ನುವುದು ಮುಂದಿನ ವರ್ಷಗಳಲ್ಲಿ ಹಡಗುಗಳನ್ನು ಎಣಿಸಿದಾಗ ಗೊತ್ತಾಯಿತು. ಅಷ್ಟರಲ್ಲಿ ಎಂಟು ಹಡಗುಗಳ ಕೆಲಸ ಶುರುವಾಗಿತ್ತು. ದುಡ್ಡು ಉಳಿಸಲು ಮಾಡಿದ ಒಂದು ವ್ಯವಹಾರ ಎದುರು ದಡದಲ್ಲಿ ದಾಳಿಯ ತಯಾರಿಯಾಗಿ ಕಂಡಿತು. ಲಂಡನ್‌ನವರು ದಡ್ಡರೇನಲ್ಲ. ಎದುರಿನವರ ಶಕ್ತಿ ಕಣ್ಣಿಗೆ ಕಾಣುತ್ತದೆ, ಉದ್ದೇಶ ಕಾಣುವುದಿಲ್ಲ. ಕಾಣುವುದನ್ನು ಹಿಡಿದೇ ಅವರು ತೀರ್ಮಾನ ಮಾಡಬೇಕಿತ್ತು. ಮೂರನೇ ಹಂತದ ಶೇ. 12.5 ಇಲ್ಲಿ ಕೆಲಸ ಮಾಡುತ್ತಿದೆ.

ಹಂತ 5: ಇದು ನಿಜಕ್ಕೂ ಸಂದಿಗ್ಧವೇ ಅಂತ ಪರೀಕ್ಷಿಸಿ

ಬಹಳ ವಿದ್ಯಾರ್ಥಿಗಳು ಈ ಹಂತವನ್ನು ಹಾರಿಸುತ್ತಾರೆ. ಎರಡು ದೇಶ ಆಯುಧ ಪೇರಿಸುತ್ತಿದ್ದರೆ ಅದೆಲ್ಲ ಭದ್ರತಾ ಸಂದಿಗ್ಧ ಆಗುವುದಿಲ್ಲ. ಒಬ್ಬರಿಗೆ ನಿಜಕ್ಕೂ ಪಕ್ಕದವರನ್ನು ಬಗ್ಗಿಸುವ ಆಸೆ ಇದ್ದರೆ ಅಲ್ಲಿ ತಪ್ಪು ತಿಳಿವಳಿಕೆ ಇಲ್ಲ, ಇರುವುದು ನಿಜವಾದ ಬೆದರಿಕೆ.

ಲೆಕ್ಕದಲ್ಲೂ ಇದು ಕಾಣುತ್ತದೆ. ಮೊದಲ ಪಟ್ಟಿಗೆ ವಾಪಸ್ ಹೋಗಿ. 'ನಾನು ಕಟ್ಟಿದೆ, ಅವರು ಕಟ್ಟಲಿಲ್ಲ' ಅನ್ನುವುದಕ್ಕೆ 3ರ ಬದಲು 5 ಹಾಕಿ. ಅಂದರೆ ಈ ದೇಶಕ್ಕೆ ಸಮಾನ ಶಾಂತಿಗಿಂತ ಮೇಲುಗೈಯೇ ಹೆಚ್ಚು ಇಷ್ಟ.

```
ಕಟ್ಟದಿದ್ದರೆ: 4(1-p) + 1p = 4 - 3p
ಕಟ್ಟಿದರೆ:    5(1-p) + 2p = 5 - 3p
```

p ಎಷ್ಟೇ ಇರಲಿ, ಕಟ್ಟುವುದೇ ಒಂದು ಅಂಕ ಮೇಲು. ಎದುರಿನವರು ಕಟ್ಟುವುದಿಲ್ಲ ಅಂತ ನೂರಕ್ಕೆ ನೂರು ಗೊತ್ತಿದ್ದರೂ ಇವರು ಕಟ್ಟುತ್ತಾರೆ. ಇವರಿಗೆ ಬರೀ ಭರವಸೆ ಕೊಟ್ಟರೆ ಏನೂ ಬದಲಾಗದು. ಭಯದಿಂದ ಕಟ್ಟುವವರಿಗೆ ಭರವಸೆ ಮದ್ದು. ಆಸೆಯಿಂದ ಕಟ್ಟುವವರಿಗೆ ತಡೆ ಮದ್ದು. ರೋಗ ತಪ್ಪಾಗಿ ಗುರುತಿಸಿದರೆ ಮದ್ದೂ ತಿರುಗುಮುರುಗಾಗುತ್ತದೆ.

ಹಾಗಾದರೆ ಜರ್ಮನಿ ಯಾವ ಗುಂಪಿಗೆ? ಬ್ರಿಟನ್‌ನ ವಿದೇಶಾಂಗ ಕಚೇರಿಯೊಳಗೇ 1907ರಲ್ಲಿ ಈ ಚರ್ಚೆ ನಡೆಯಿತು. ಐರ್ ಕ್ರೋ ಅನ್ನುವ ಅಧಿಕಾರಿ ಒಂದು ಉದ್ದದ ಟಿಪ್ಪಣಿ ಬರೆದರು. ಜರ್ಮನಿ ಬೇಕೆಂದೇ ಯಜಮಾನಿಕೆಗೆ ಹೊರಟಿರಬಹುದು, ಅಥವಾ ಗೊತ್ತುಗುರಿಯಿಲ್ಲದೆ ಬೆಳೆಯುತ್ತಿರಬಹುದು. ಎರಡರಲ್ಲಿ ಯಾವುದಾದರೂ ಬ್ರಿಟನ್‌ಗೆ ಬರುವ ಅಪಾಯ ಒಂದೇ, ಎಚ್ಚರವಾಗಿರಲೇಬೇಕು ಅನ್ನುವುದು ಅವರ ವಾದ. ನಿವೃತ್ತರಾಗಿದ್ದ ಹಿರಿಯ ಅಧಿಕಾರಿ ಸ್ಯಾಂಡರ್‌ಸನ್ ಇದನ್ನು ಒಪ್ಪಲಿಲ್ಲ. ನಮ್ಮ ಪತ್ರಿಕೆಗಳನ್ನು ಓದುವ ಹೊರಗಿನವನಿಗೆ ಬ್ರಿಟಿಷ್ ಸಾಮ್ರಾಜ್ಯ ಹೇಗೆ ಕಾಣಬಹುದು ಅಂತ ಅವರು ಬರೆದರು: ಕೈಕಾಲುಗಳ ಬೆರಳಿಗೆಲ್ಲ ಸಂಧಿವಾತ ಬಂದು, ಎಲ್ಲ ದಿಕ್ಕಿಗೂ ಅವನ್ನು ಚಾಚಿಕೊಂಡು ಬಿದ್ದಿರುವ ದೈತ್ಯನ ಹಾಗೆ, ಯಾರು ಹತ್ತಿರ ಬಂದರೂ ಕಿರುಚುತ್ತಾನೆ. ಎದುರಿನವರ ಕಿಟಕಿಯಿಂದ ತಮ್ಮನ್ನು ತಾವೇ ನೋಡಿಕೊಂಡ ಇಂಥ ಬರಹ ಸರ್ಕಾರಿ ಕಡತಗಳಲ್ಲಿ ಅಪರೂಪ. ಆದರೆ ಉಳಿದವರ ಒಲವು ಕ್ರೋ ಕಡೆಗಿತ್ತು.

ಉತ್ತರ ಹುಡುಕಲು ಒಂದು ದಾರಿ ಇದೆ. ನಿಲ್ಲಿಸೋಣ ಅಂದಾಗ ಎದುರಿನವರು ಏನು ಬೆಲೆ ಕೇಳುತ್ತಾರೆ ಅಂತ ನೋಡಿ. 1912ರ ಫೆಬ್ರವರಿಯಲ್ಲಿ ಬ್ರಿಟನ್‌ನ ಮಂತ್ರಿ ಹಾಲ್ಡೇನ್ ಬರ್ಲಿನ್‌ಗೆ ಹೋದರು. ಹಡಗು ಕಟ್ಟುವುದು ನಿಧಾನ ಮಾಡಿ ಅನ್ನುವುದು ಬ್ರಿಟನ್ ಕೋರಿಕೆ. ಯುರೋಪಿನಲ್ಲಿ ಯುದ್ಧವಾದರೆ ನಾವು ತಟಸ್ಥರಾಗಿರುತ್ತೇವೆ ಅಂತ ನೀವು ಮಾತು ಕೊಡಿ ಅನ್ನುವುದು ಜರ್ಮನಿ ಕೇಳಿದ ಬೆಲೆ. ಬರೀ ತನ್ನ ದಡದ ಭಯವಷ್ಟೇ ಇದ್ದಿದ್ದರೆ ಅಷ್ಟು ದೊಡ್ಡ ಬೆಲೆ ಕೇಳಬೇಕಿರಲಿಲ್ಲ. ಹಡಗನ್ನು ಒತ್ತಡ ಹಾಕುವ ಸಾಧನವಾಗಿಯೂ ಬಳಸುತ್ತಿದ್ದರು ಅನ್ನುವುದು ಇಲ್ಲಿ ಕಾಣುತ್ತದೆ. ಆಮೇಲೆ ಚರ್ಚಿಲ್, ಇಬ್ಬರೂ ಒಂದು ವರ್ಷ ಹೊಸ ಹಡಗು ಕಟ್ಟುವುದು ಬೇಡ ಅಂತ 'ನೌಕಾ ರಜೆ' ಪ್ರಸ್ತಾಪಿಸಿದರು. ಕೇಳಲು ಚೆನ್ನಾಗಿದೆ. ಆದರೆ ಮುಂದಿರುವವರು ನಿಲ್ಲೋಣ ಅಂದರೆ ಅವರ ಮುನ್ನಡೆಯೂ ಹಾಗೇ ಉಳಿಯುತ್ತದೆ. ಜರ್ಮನಿ ಒಪ್ಪಲಿಲ್ಲ.

ನನ್ನ ಅಭಿಪ್ರಾಯ ಹೀಗೆ: ಇದು ಶುದ್ಧ ಸಂದಿಗ್ಧವಲ್ಲ. ಟಿರ್ಪಿಟ್ಸ್ ಯೋಜನೆಯಲ್ಲಿ ಆಸೆ ಇತ್ತು. ಆದರೆ ಆ ಆಸೆಯಷ್ಟರಿಂದಲೇ 1909ರ ಗಾಬರಿಯನ್ನು ವಿವರಿಸಲಾಗದು, ಕೀಲ್‌ನ ಗಾಳಿಸುದ್ದಿಯನ್ನೂ ವಿವರಿಸಲಾಗದು. ಅದಕ್ಕೆ ಸಂದಿಗ್ಧ ಬೇಕು. ನೀವು ಬೇರೆ ತೀರ್ಮಾನಕ್ಕೆ ಬರಬಹುದು, ಕಾರಣ ಕೊಟ್ಟರೆ ಸರಿ.

ಹಂತ 6: ಎಲ್ಲಿ ನಿಲ್ಲಬೇಕು ಅಂತ ತಿಳಿದುಕೊಳ್ಳಿ

'ಈ ಪೈಪೋಟಿಯಿಂದಲೇ ಮಹಾಯುದ್ಧವಾಯಿತು' ಅಂತ ಬರೆಯಬೇಡಿ. 1912ರ ನಂತರ ಜರ್ಮನಿ ಹೆಚ್ಚಿನ ದುಡ್ಡನ್ನು ಭೂಸೇನೆಯ ಕಡೆಗೆ ತಿರುಗಿಸಿತು, ಯಾಕೆಂದರೆ ಫ್ರಾನ್ಸ್, ರಷ್ಯಾದ ಭಯ ಅದಕ್ಕಿಂತ ದೊಡ್ಡದಾಗಿತ್ತು. ಹಡಗಿನ ಪೈಪೋಟಿಯಲ್ಲಿ ಬ್ರಿಟನ್ ಸ್ಪಷ್ಟವಾಗಿ ಮುಂದೆ ಉಳಿಯಿತು. 1914ರ ಕಿಡಿ ಹತ್ತಿದ್ದು ಬಾಲ್ಕನ್ ಪ್ರದೇಶದಲ್ಲಿ. ಪೈಪೋಟಿ ಮಾಡಿದ ಕೆಲಸ ಬೇರೆ. ಉತ್ತರ ಸಮುದ್ರಕ್ಕೆ ಹಡಗು ಸಾಲದೆ 1912ರಲ್ಲಿ ಬ್ರಿಟನ್ ಮೆಡಿಟರೇನಿಯನ್‌ನಿಂದ ಯುದ್ಧನೌಕೆಗಳನ್ನು ವಾಪಸ್ ಕರೆಸಿಕೊಂಡಿತು. ಫ್ರಾನ್ಸ್ ತನ್ನ ನೌಕಾಪಡೆಯನ್ನು ಅಲ್ಲಿಗೆ ಸೇರಿಸಿತು. ಇದರಿಂದ ಫ್ರಾನ್ಸ್‌ನ ಉತ್ತರದ ಕರಾವಳಿ ಬರಿದಾಯಿತು. 1914ರ ಆಗಸ್ಟ್‌ನಲ್ಲಿ ಆ ಕರಾವಳಿ ಕಾಯುವ ನೈತಿಕ ಹೊಣೆ ಬ್ರಿಟನ್ ಮೇಲೆ ಬಿತ್ತು. ಜರ್ಮನಿ ಬ್ರಿಟನ್‌ನನ್ನು ದೂರ ಇಡಲು ಕಟ್ಟಿದ ಹಡಗುಗಳು ಅದನ್ನು ಫ್ರಾನ್ಸ್‌ಗೆ ಹತ್ತಿರ ಮಾಡಿದ್ದವು.

ಅಭ್ಯಾಸಕ್ಕೆ ಒಂದು ಪ್ರಕರಣ

ಇದೇ ಆರು ಹಂತಗಳನ್ನು 1922ರ ವಾಷಿಂಗ್ಟನ್ ನೌಕಾ ಒಪ್ಪಂದಕ್ಕೆ ಹಾಕಿ ನೋಡಿ. ಅಲ್ಲಿ ಅಮೆರಿಕ, ಬ್ರಿಟನ್, ಜಪಾನ್ ದೊಡ್ಡ ಯುದ್ಧನೌಕೆಗಳ ಒಟ್ಟು ತೂಕವನ್ನು 5:5:3ರ ಪ್ರಮಾಣಕ್ಕೆ ಒಪ್ಪಿಕೊಂಡವು. ಪೆಸಿಫಿಕ್‌ನ ಕೆಲವು ದ್ವೀಪಗಳಲ್ಲಿ ಹೊಸ ಕೋಟೆ, ನೌಕಾನೆಲೆ ಕಟ್ಟುವುದಿಲ್ಲ ಅಂತಲೂ ಒಪ್ಪಿದವು. ಹಂತ 2ರ ಪ್ರಶ್ನೆಯನ್ನು ಇಲ್ಲಿ ವಿಶೇಷವಾಗಿ ಕೇಳಿ: ಹಡಗಿನ ತೂಕದ ಜೊತೆ ನೆಲೆಗಳನ್ನೂ ಯಾಕೆ ಸೇರಿಸಿದರು? ಸುಳಿವು ಕಲ್ಲಿದ್ದಲು, ತೈಲದಲ್ಲಿದೆ. ಹತ್ತಿರ ನೆಲೆ ಇಲ್ಲದ ಹಡಗು ದೂರದ ದೇಶದ ಮೇಲೆ ಏರಿ ಹೋಗುವುದು ಕಷ್ಟ, ಸ್ವಂತ ದಡದ ಬಳಿ ಹೋರಾಡುವುದು ಸುಲಭ. ಜಪಾನ್ 1934ರ ಕೊನೆಯಲ್ಲಿ ಈ ಒಪ್ಪಂದದಿಂದ ಹೊರಬರುವುದಾಗಿ ತಿಳಿಸಿತು. ಅದು ಭಯದಿಂದಲೋ ಆಸೆಯಿಂದಲೋ ಅನ್ನುವುದಕ್ಕೆ ಐದನೇ ಹಂತ ಬಳಸಿ ಒಂದು ಪುಟ ಬರೆಯಿರಿ.